ಮಣೂಕ ಘಟಕದ ಹೊಸ ಸೂಪರ್‌ವೈಸರ್‌ಗೆ ಆರು ವಾರದ ತರಬೇತಿ

ಪ್ರಶ್ನೆ (ತಿಕೋಟಾ ಕಡೆಯ ಬೆಳೆಗಾರರು): ನಮ್ಮ ಮಣೂಕ, ಅಂದರ ಒಣದ್ರಾಕ್ಷಿ, ಆರಿಸೋ ಘಟಕದಾಗ ಸೀಸನ್‌ಗೆ 24 ಮಂದಿ, ಬಹಳಷ್ಟು ಹೆಣ್ಣಮಕ್ಕಳು. ಅವರೊಳಗ ಚೊಲೊ ಕೆಲಸ ಮಾಡೋ ಹುಡುಗನ್ನ ಸೂಪರ್‌ವೈಸರ್ ಮಾಡೀವಿ. ತಿಂಗಳಾಗೂದ್ರೊಳಗ ಮೂರು ಮಂದಿ ಬಿಟ್ಟ ಹೋದರು, ಬಾಳ ಒದರತಾನ ಅಂತಾರ. ಅವನ್ನ ಕೇಳಿದರ "ಮತ್ತ ಹೆಂಗ ಕೆಲಸ ತಗೀಲಿ?" ಅಂತಾನ. ಅವಗ ಏನ ಕಲಿಸಬೇಕು, ಯಾವ ಕ್ರಮದಾಗ?

ಉತ್ತರ:

ಸರ, ಅವನ ಪ್ರಶ್ನೆ ಖರೇ ಪ್ರಶ್ನೆನೇ. ಜವಾಬ್ದಾರಿ ಕೊಟ್ಟೀರಿ, ಅಧಿಕಾರ ಎಷ್ಟು ಅಂತ ಯಾರಿಗೂ ಹೇಳಿಲ್ಲ. ನಿನ್ನೆವರೆಗೆ ಪಕ್ಕದಲ್ಲಿ ಕೂತು ಕಡ್ಡಿ ಆರಿಸುತ್ತಿದ್ದವನ ಮಾತನ್ನು ಇವತ್ತು ಯಾಕೆ ಕೇಳಬೇಕು ಅಂದರೆ ಅವನ ಹತ್ತಿರ ಉತ್ತರವಿಲ್ಲ. ಇರೋದು ಗಂಟಲು ಒಂದೇ, ಅದನ್ನೇ ಬಳಸುತ್ತಾನೆ. ಹಾಗಾಗಿ ಮೊದಲ ವಾರ ಅವನಿಗೆ ಪಾಠ ಬೇಡ. ನೀವಿಬ್ಬರೂ ಕೂತು ಒಂದು ಹಾಳೆ ಬರೆಯಿರಿ.

ಹಾಳೆಯಲ್ಲಿ ಮೂರು ಭಾಗ ಇರಲಿ. ಒಂದು, ನಿಮ್ಮನ್ನು ಕೇಳದೆ ಅವನೇ ಮಾಡಬಹುದಾದದ್ದು: ಯಾರು ಯಾವ ಮೇಜಿಗೆ ಕೂಡಬೇಕು, ಯಾವ ಟ್ರೇ ಮತ್ತೆ ಆರಿಸಬೇಕು, ಬೆಲ್ಟ್ ಎಷ್ಟು ಜೋರು ಓಡಬೇಕು, ಯಾವಾಗ ನಿಲ್ಲಿಸಬೇಕು, ಯಾವ ಮೇಜಿಗೆ ಬೆಳಕು ಬೇಕು, ಮೈಯಲ್ಲಿ ಆರಾಮಿಲ್ಲದವರನ್ನು ಮನೆಗೆ ಕಳಿಸೋದು. ಎರಡು, ನಿಮ್ಮನ್ನು ಕೇಳಿ ಮಾಡೋದು: ಹೆಚ್ಚಿನ ಹೊತ್ತಿನ ಕೆಲಸ, ಅಡ್ವಾನ್ಸ್, ಕೆಲಸದಿಂದ ತೆಗೆಯೋದು. ಮೂರು, ಯಾವತ್ತೂ ಮಾಡಬಾರದ್ದು: ಪಗಾರ ಮುರಿಯೋದು, ಬಂದವರ ಹಾಜರಿ ಹಾಕದೆ ಬಿಡೋದು, ನೀರಿಗೆ, ಶೌಚಕ್ಕೆ ಹೋಗಬೇಡ ಅನ್ನೋದು, ತನ್ನ ಮೇಲೇ ಬಂದ ದೂರನ್ನು ತಾನೇ ತೀರ್ಮಾನ ಮಾಡೋದು. ದಂಡದ ವಿಷಯದಲ್ಲಿ ನೀವೂ ಹುಷಾರಾಗಿರಿ. ವೇತನ ಕಾನೂನಿನಲ್ಲಿ ದಂಡಕ್ಕೆ ಮಿತಿ ಇದೆ: ಆ ಅವಧಿಯ ಪಗಾರದ 3% ಮೀರುವಂತಿಲ್ಲ, ಯಾವ ತಪ್ಪಿಗೆ ದಂಡ ಅಂತ ಮೊದಲೇ ಹಚ್ಚಿರಬೇಕು, ಆ ವ್ಯಕ್ತಿಯ ಮಾತನ್ನೂ ಕೇಳಬೇಕು. "ಅರ್ಧ ದಿನ ಕಟ್" ಅಂತ ಸೂಪರ್‌ವೈಸರ್ ಬಾಯಿಂದ ಬರೋದು ಯಾವ ಲೆಕ್ಕಕ್ಕೂ ಸರಿ ಹೊಂದೋದಿಲ್ಲ.

ಈ ಹಾಳೆಯನ್ನು 24 ಮಂದಿಯ ಎದುರು ನೀವೇ ಓದಿ ಹೇಳಬೇಕು. ಅವನ ಕೈಯಲ್ಲಿ ಓದಿಸಿದರೆ ಅದು ಅವನ ಮಾತಾಗುತ್ತದೆ. ಇನ್ನೊಂದು ವಿಷಯ, ಅವನು "ಟ್ರೇ ಮತ್ತೆ ಆರಿಸ್ರಿ" ಅಂದಾಗ ಯಾರಾದರೂ ನೇರ ನಿಮ್ಮ ಹತ್ತಿರ ಬಂದು, ನೀವು "ಇರಲಿ ಬಿಡು" ಅಂದರೆ ಹಾಳೆಯನ್ನು ಅಲ್ಲೇ ಹರಿದು ಹಾಕಿದಂತೆ. ಒದರಾಟ ಮರುದಿನವೇ ಶುರು.

ಎರಡನೇ ಮತ್ತು ಮೂರನೇ ವಾರ ತಪ್ಪು ಹೇಳೋದನ್ನು ಕಲಿಸಿ. ವಾರಕ್ಕೆ ಒಂದು ಸಲ, 45 ನಿಮಿಷ ಸಾಕು. ಲೋಡಿಂಗ್ ಇರುವ ದಿನ ಬೇಡ. ಭಾಷಣ ಮಾಡಬೇಡಿ. ಎರಡು ಖರೇ ಟ್ರೇ ಇಟ್ಟುಕೊಂಡು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ಒಂದು ಸನ್ನಿವೇಶ ಹೇಳುತ್ತೇನೆ. ಒಬ್ಬ ಹೆಣ್ಣುಮಗಳ ಟ್ರೇಯಲ್ಲಿ ಕಡ್ಡಿ, ಕಪ್ಪು ಕಾಳು ಉಳಿದಿವೆ. ಅವನ ಬಾಯಿಗೆ ತಾನಾಗಿ ಬರೋ ಮಾತು "ಕಣ್ಣ ಕಾಣಂಗಿಲ್ಲೇನ? ದಿನಾ ಇದ ಆತು ನಿಂದು." ಇದರಲ್ಲಿ ಏನು ಕಂಡಿತು ಅನ್ನೋದಿಲ್ಲ, ಏನು ಮಾಡಬೇಕು ಅನ್ನೋದೂ ಇಲ್ಲ. "ದಿನಾ" ಅನ್ನೋದು ಸುಳ್ಳೂ ಇರಬಹುದು. ಆಕೆ ಆ ಒಂದು ಶಬ್ದಕ್ಕೇ ಜಗಳ ತೆಗೆಯುತ್ತಾಳೆ, ಕಡ್ಡಿ ಮರೆತು ಹೋಗುತ್ತದೆ.

ಅದರ ಬದಲು ಆಕೆಯನ್ನು ಮೇಜಿನಿಂದ ನಾಲ್ಕು ಹೆಜ್ಜೆ ಈಚೆ ಕರೆಯಬೇಕು. ಎಲ್ಲರಿಗೂ ಕಾಣಬೇಕು, ಯಾರಿಗೂ ಕೇಳಬಾರದು. ಗಂಡಸು ಸೂಪರ್‌ವೈಸರ್ ಹೆಣ್ಣುಮಗಳನ್ನು ಬಾಗಿಲು ಹಾಕಿದ ಕೋಣೆಗೆ ಕರೆಯೋದು ಬೇಡ, ಇದರಲ್ಲಿ ಇಬ್ಬರಿಗೂ ರಕ್ಷಣೆ ಇದೆ. ಆಮೇಲೆ ಇಷ್ಟೇ ಮಾತು: "ಅಕ್ಕಾರ, ಮುಂಜಾನಿ ಟ್ರೇ ಸ್ವಚ್ಛ ಇದ್ದುವು. ಮೂರು ಗಂಟೆ ಮ್ಯಾಲಿನ ಎರಡು ಟ್ರೇದಾಗ ಕಡ್ಡಿ ಉಳದಾವು. ಹಿಂಗ ಹೋದರ ವ್ಯಾಪಾರಿ ಮಾಲು ಕೆಳಗಿನ ಗ್ರೇಡಿಗೆ ಹಾಕತಾನ. ಏನಾಗೇತಿ?" ಇಷ್ಟು ಹೇಳಿ ಬಾಯಿ ಮುಚ್ಚಬೇಕು. ಅಭ್ಯಾಸದಲ್ಲಿ ಎಲ್ಲರೂ ಸೋಲೋದು ಇಲ್ಲೇ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರೋದು ಹೊಸಬರಿಗೆ ಆಗೋದಿಲ್ಲ, ತಾವೇ ಉತ್ತರ ಹೇಳಿಬಿಡುತ್ತಾರೆ.

ಆಕೆ ಏನು ಹೇಳಬಹುದು? "ಊಟ ಆದ ಮ್ಯಾಲೆ ನೀನ ಬೆಲ್ಟ್ ಜೋರ ಮಾಡಿದಿ" ಅನ್ನಬಹುದು. "ಈ ಮೂಲಿಯೊಳಗ ಮೂರಕ್ಕ ಬೆಳಕ ಹೋಗತೇತಿ" ಅನ್ನಬಹುದು. ಎರಡೂ ಆಕೆಯ ತಪ್ಪಲ್ಲ, ಎರಡನ್ನೂ ಸರಿ ಮಾಡುವ ಅಧಿಕಾರ ಹಾಳೆಯ ಮೊದಲ ಭಾಗದಲ್ಲೇ ಇದೆ. ಬೆಲ್ಟ್ ಇಳಿಸಿ, ಮೇಜಿನ ಮೇಲೆ ಟ್ಯೂಬ್‌ಲೈಟ್ ಹಾಕಿ, ಮರುದಿನ ಅದೇ ಮೂರು ಗಂಟೆಗೆ ಮತ್ತೆ ನೋಡಬೇಕು. ಸುಧಾರಿಸಿದ್ದರೆ ಒಂದೇ ಮಾತಿನಲ್ಲಿ ಹೇಳಬೇಕು. ಎಲ್ಲ ಸರಿ ಇದ್ದೂ ಟ್ರೇ ಹಾಗೇ ಬಂದರೆ ಎರಡನೇ ಸಲ ಹೇಳಿ, ತಾರೀಖು ಹಾಕಿ ಬರೆದಿಡಬೇಕು. ಮೂರನೇ ಸಲಕ್ಕೆ ವಿಷಯ ನಿಮ್ಮ ಹತ್ತಿರ ಬರಬೇಕು. ಆಗಲೂ ಒದರುವ ಕೆಲಸವಿಲ್ಲ.

ಇದೇ ಗುಂಪಿನಲ್ಲಿ ಇಂಡಿ ತಾಲೂಕಿನ ಸದಸ್ಯರೊಬ್ಬರು ನಿಮ್ಮ ಪ್ರಶ್ನೆಗೆ "ಎಲ್ಲಾರ ಮುಂದ ಹೇಳಿದ್ರನ ಉಳಿದಾವ್ರು ಕಲೀತಾರ" ಅಂತ ಉತ್ತರ ಬರೆದಿದ್ದಾರೆ. ಅರ್ಧ ಸರಿ. ನಿಯಮವನ್ನು ಎಲ್ಲರ ಮುಂದೆ ಹೇಳಬೇಕು: "ಇವತ್ತಿಂದ ಈ ಮಾಲಿಗೆ ಕಡ್ಡಿ ಬಿಗಿಯಾಗಿ ನೋಡತೀವಿ" ಅಂತ ಮುಂಜಾನೆ ಎಲ್ಲರನ್ನೂ ನಿಲ್ಲಿಸಿ ಹೇಳಿದರೆ ಚೊಲೊ. ಒಬ್ಬರ ತಪ್ಪನ್ನು ಎಲ್ಲರ ಮುಂದೆ ಹೇಳಿದರೆ ಉಳಿದವರು ಕಲಿಯೋದು ತಪ್ಪು ಮುಚ್ಚಿಡೋದನ್ನು. ಕಡ್ಡಿ ಇರುವ ಕಾಳು ಟ್ರೇಯ ತಳಕ್ಕೆ ಹೋಗುತ್ತವೆ. ಟ್ರೇಯ ಮೇಲುಗಡೆ ಮಾತ್ರ ಸ್ವಚ್ಛ ಕಾಣತೊಡಗಿದರೆ ನಿಮ್ಮಲ್ಲಿ ಇದೇ ನಡೆದಿದೆ ಅಂತ ತಿಳಿಯಿರಿ.

ಗದರಿಕೆ ಕಿರುಕುಳವಾಗೋದು ಯಾವಾಗ? ಬರೀ ದನಿ ನೋಡಿದರೆ ಗೊತ್ತಾಗೋದಿಲ್ಲ. ಕೆಲಸ ಸರಿ ಮಾಡಿ ಅನ್ನೋದು, ಕಾರಣ ಹೇಳಿ ರಜೆ ನಿರಾಕರಿಸೋದು ಕಿರುಕುಳ ಅಲ್ಲ. ಹುಡುಗನಿಗೂ ಇದನ್ನು ಹೇಳಿ, ಇಲ್ಲಾಂದರೆ ಹೆದರಿ ಏನೂ ಹೇಳದವನಾಗುತ್ತಾನೆ. ನಾಲ್ಕನೇ ವಾರ ಅವನ ಜೊತೆ ರಿಜಿಸ್ಟರ್ ತೆಗೆದು ನೋಡಿ. ಪ್ರತಿ ಮೇಜಿನಿಂದ ಮುಂಜಾನೆ 11ಕ್ಕೆ, ಮಧ್ಯಾಹ್ನ 3ಕ್ಕೆ ಒಂದೊಂದು ಕಿಲೋ ತೆಗೆದು ನೋಡುವ ಪದ್ಧತಿ ಇಡಿ, ಎಲ್ಲರಿಗೂ ಒಂದೇ. ಒಬ್ಬಾಕಿಯ ಟ್ರೇ ದಿನಕ್ಕೆ ಆರು ಸಲ, ಉಳಿದವರದು ಎರಡು ಸಲ ನೋಡಿದ್ದರೆ ಅದು ತಪಾಸಣೆ ಅಲ್ಲ. ಗಂಧಕದ ಹೊಗೆ ಕೊಡುವ ಕೋಣೆಯ ಕೆಲಸ, ಭಾರದ ಕ್ರೇಟ್ ಹೊರುವ ಕೆಲಸ ವಾರವಿಡೀ ಒಬ್ಬರಿಗೇ ಬಂದಿದೆಯಾ, ಅದು ಆಕೆ ಎದುರು ಮಾತಾಡಿದ ದಿನದ ನಂತರ ಬಂದಿದೆಯಾ, ನೋಡಿ. ಅಡ್ಡಹೆಸರು, ಎರಡು ತಿಂಗಳ ಹಿಂದಿನ ತಪ್ಪು ಎತ್ತೋದು, ನಾಳೆಯ ಟೈಮ್ ಬದಲಾಗಿದ್ದನ್ನು ಒಬ್ಬರಿಗೆ ಮಾತ್ರ ಹೇಳದಿರೋದು ರಿಜಿಸ್ಟರಲ್ಲಿ ಕಾಣೋದಿಲ್ಲ. ಅದಕ್ಕೆ ನೀವೇ ವಾರಕ್ಕೊಮ್ಮೆ ಅವನಿಲ್ಲದಾಗ ಮೇಜಿನ ಹತ್ತಿರ ಕೂತು ಚಹಾ ಕುಡಿಯಬೇಕು.

ಗುಂಪಿನ ಇನ್ನೊಬ್ಬ ಸದಸ್ಯರು, ಜಮಖಂಡಿಯವರು, ಅಡ್ವಾನ್ಸ್ ತಗೊಂಡು ಓಡಿ ಹೋದ ಕಬ್ಬಿನ ಗ್ಯಾಂಗ್ ವಿಷಯ ಬರೆದಿದ್ದಾರೆ. ಇಲ್ಲಿ ಕೇಳಿದ್ದು ಅದಲ್ಲ, ಆದರೆ ಒಂದು ಮಾತು ಹೇಳಲೇಬೇಕು. "ಅಡ್ವಾನ್ಸ್ ತೀರೂಮಟ ಬಿಟ್ಟ ಹೋಗಾಕ ಬಿಡಂಗಿಲ್ಲ" ಅಂತ ಸೂಪರ್‌ವೈಸರ್ ಹೆದರಿಸಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಬರುತ್ತದೆ. ಅಡ್ವಾನ್ಸ್ ಲೆಕ್ಕ ಅವನ ಕೈಗೆ ಕೊಡಲೇಬೇಡಿ.

ಐದನೇ ವಾರ ದೂರು. ಇದರಲ್ಲಿ ಅವನು ಕಲಿಯಬೇಕಾದದ್ದು ಮುಖ್ಯವಾಗಿ ಯಾವುದನ್ನು ತಾನು ಮುಟ್ಟಬಾರದು ಅನ್ನೋದು. ನೀರು, ಕೂಡುವ ಜಾಗ, ಹಾಜರಿ ತಪ್ಪಿದ್ದು, ಇಂಥ ದೂರು ಅವನೇ ಕೇಳಲಿ. ಹೇಳಿದವರ ಮಾತಿನಲ್ಲೇ ಬರೆದು, ಓದಿ ಹೇಳಿ, "ಮೂರು ದಿನದಾಗ ಉತ್ತರ ಹೇಳತೀನಿ" ಅನ್ನಲಿ. ಆಗದಿದ್ದರೂ ಮೂರನೇ ದಿನ ಹೋಗಿ "ಇನ್ನೂ ಆಗಿಲ್ಲ, ಇಂಥಾ ಕಾರಣಕ್ಕ" ಅಂತ ಹೇಳಲಿ. ಅವನ ಮೇಲಿನ ದೂರು ನೇರ ನಿಮಗೆ ಬರಬೇಕು, ಅದಕ್ಕೆ ಅವನ ಕೈ ದಾಟಿ ಬರುವ ದಾರಿ ಬೇಕು: ನಿಮ್ಮ ನಂಬರ್ ಗೋಡೆ ಮೇಲೆ. ಅವನು ನಿಮ್ಮ ಅಳಿಯನೋ ತಮ್ಮನ ಮಗನೋ ಆಗಿದ್ದರೆ ನಿಮ್ಮ ನಂಬರ್ ಸಾಲದು. ಊರಲ್ಲಿ ಎಲ್ಲರೂ ನಂಬುವ, ನಿಮಗೆ ಬೀಗರಲ್ಲದ ಒಬ್ಬರ ನಂಬರ್ ಕೂಡ ಹಾಕಿ.

ಮೈ ಮುಟ್ಟಿದ್ದು, ಹೊಲಸು ಮಾತು, ಫೋನ್‌ಗೆ ಬಂದ ಫೋಟೋ, ಇಂಥದ್ದನ್ನು ತೀರ್ಮಾನ ಮಾಡಬೇಕಾದವರು ಸೂಪರ್‌ವೈಸರೂ ಅಲ್ಲ, ನೀವೂ ಅಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಮಂದಿ ಇದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು: ಅಧ್ಯಕ್ಷರು ಮಹಿಳೆ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ನಿಮ್ಮದು 24, ಹಾಗಾಗಿ ಬೇಕೇ ಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ದೂರು ಘಟನೆ ನಡೆದ ಮೂರು ತಿಂಗಳೊಳಗೆ ಬರಬೇಕು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರು ಮಾಲೀಕನ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಹಿರಿಯರನ್ನು ಕೂಡಿಸಿ ಐದು ಸಾವಿರ ಕೊಟ್ಟು ಮುಗಿಸೋದು ನಡೆಯೋದಿಲ್ಲ. ರಾಜಿಯನ್ನು ಆಕೆಯೇ ಕೇಳಬೇಕು, ದುಡ್ಡು ಅದಕ್ಕೆ ಆಧಾರವಾಗುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಮಂದಿ ಎದುರು ಜಾತಿ ಹಿಡಿದು ಬೈದರೆ ಅದು ಅವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಕೆಳಗೆ ಅಪರಾಧ, ಶೆಡ್ಡಿನೊಳಗಿನ ವಿಷಯವಾಗಿ ಉಳಿಯೋದಿಲ್ಲ.

ಆರನೇ ವಾರ ಪಾಠ ಇಲ್ಲ. ದೂರು ಕೊಟ್ಟವರ ಮೇಜು, ಪಾಳಿ, ಕೆಲಸ 30 ದಿನ ನಿಮ್ಮ ಸಹಿ ಇಲ್ಲದೆ ಬದಲಾಗಬಾರದು ಅಂತ ನಿಯಮ ಮಾಡಿ, ಅದನ್ನೊಂದೇ ನೋಡುತ್ತಿರಿ. ಸೇಡು ಬರೋದು ಬೈಗುಳದಲ್ಲಿ ಅಲ್ಲ, ಪಾಳಿಯಲ್ಲಿ. ಬಿಟ್ಟು ಹೋದ ಮೂವರ ಹತ್ತಿರವೂ ನೀವೇ ಹೋಗಿ ಕೇಳಿ. ವಾಪಸ್ ಕರೆಯೋದು ಬೇರೆ ಮಾತು, ಹೋದವರು ಖರೇ ಹೇಳುತ್ತಾರೆ.

ಬಾಗಲಕೋಟೆಯ ಒಬ್ಬ ಸದಸ್ಯೆ: ಎಲ್ಲಾ ಬರೀರಿ ಬರೀರಿ ಅಂತೀರಿ. ನಮ್ಮಲ್ಲಿ ಅರ್ಧ ಮಂದಿಗೆ ಸಹಿನ ಬರಂಗಿಲ್ಲ. ಮತ್ತ ಗಂಡಸಿನ ಮುಂದ ಇಂಥಾ ಮಾತು ಯಾರ ಹೇಳತಾರ?

ಉತ್ತರ: ಸರಿಯಾಗಿ ಹಿಡಿದಿರಿ ಅಕ್ಕಾರ. ಲೈಂಗಿಕ ಕಿರುಕುಳದ ದೂರನ್ನು ಬರೆಯಲು ಬಾರದವರಿಗೆ ಬರೆಯೋದಕ್ಕೆ ಸಮಿತಿಯವರೇ ನೆರವಾಗಬೇಕು ಅಂತ ಕಾಯ್ದೆಯಲ್ಲೇ ಇದೆ. ಉಳಿದ ದೂರಿಗೆ ಆಳುಗಳೇ ಆರಿಸಿದ ಒಬ್ಬ ಹೆಣ್ಣುಮಗಳು ಕೇಳಿಸಿಕೊಂಡು ಬರೆಸಲಿ, ಆ ಹೊತ್ತಿಗೂ ಆಕೆಗೆ ಪಗಾರ ಕೊಡಲಿ. 181 ಮಹಿಳಾ ಸಹಾಯವಾಣಿ ನಂಬರೂ ಗೋಡೆ ಮೇಲೆ ಇರಲಿ.

ತಿಕೋಟಾದವರು: ಹಾಳಿ ಇವತ್ತ ಬರೀತೀವಿ. ಆದರ ಹೊರಗಿನ ಸದಸ್ಯರನ್ನ ಎಲ್ಲಿಂದ ತರಲಿ? ಮತ್ತ ಇವನ್ನ ಸೂಪರ್‌ವೈಸರ್ ಇಟ್ಟುಕೊಳ್ಳಲೋ ಬ್ಯಾಡೋ?

ಉತ್ತರ: ಹೊರಗಿನವರು ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರು, ಇಲ್ಲವೇ ಈ ವಿಷಯ ಗೊತ್ತಿರುವವರು ಆಗಬೇಕು, ವಿಜಯಪುರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಹುಡುಗನ ವಿಷಯ ಇಲ್ಲಿಂದ ಹೇಳೋಕೆ ಆಗೋದಿಲ್ಲ. ಹಾಳೆ ಓದಿದ ಮೇಲೆ ಒದರೋದು ಕಡಿಮೆಯಾಗಿ, 11ರ ಮತ್ತು 3ರ ಲೆಕ್ಕ ಎಲ್ಲರದೂ ಒಂದೇ ಥರ ಬಂದರೆ ಇಟ್ಟುಕೊಳ್ಳಿ. ಅಧಿಕಾರ ಕೈಗೆ ಬಂದ ಮೇಲೂ ಒಬ್ಬಾಕಿಯನ್ನೇ ಹಿಡಿದಿದ್ದರೆ ಮೇಜಿಗೆ ವಾಪಸ್ ಕಳಿಸಿ, ಆರಿಸೋ ಕೆಲಸದಲ್ಲಿ ಚೊಲೊ ಇದ್ದಾನಲ್ಲ.