ಕಫ್‌ಲಿಂಕ್, ಕಡಗ, ಉಂಗುರ: ಆಫೀಸಿಗೆ ಯಾವುದು ಹೊಂದುತ್ತದೆ?

ಪ್ರಶ್ನೆ: ಬೆಂಗಳೂರಿನ ಆಡಿಟ್ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಕ್ಲೈಂಟ್ ಮೀಟಿಂಗ್‌ಗೆ ಬ್ಲೇಜರ್ ಹಾಕಲೇಬೇಕು. ಮಾವ ಕೊಟ್ಟ ಚಿನ್ನದ ಬಣ್ಣದ ಕಫ್‌ಲಿಂಕ್, ಅಜ್ಜನ ಬೆಳ್ಳಿ ಕಡಗ, ಮದುವೆಯ ಚಿನ್ನದ ಉಂಗುರ, ಅಮ್ಮ ಮಾಡಿಸಿದ ಹವಳದ ಉಂಗುರ ಇವೆ. ಕೈಗೆ ಸ್ಟೀಲ್ ವಾಚ್. ಯಾವುದನ್ನು ಹಾಕಲಿ, ಯಾವುದನ್ನು ಬಿಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಶರ್ಟಿನ ತೋಳು ನೋಡಿ. ಕಫ್‌ನಲ್ಲಿ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕಾಜ ಇದ್ದರೆ ಕಫ್‌ಲಿಂಕ್ ಹಾಕಲು ಬರುವುದಿಲ್ಲ. ನಮ್ಮಲ್ಲಿ ಸಿಗುವ ರೆಡಿಮೇಡ್ ಫಾರ್ಮಲ್ ಶರ್ಟುಗಳಲ್ಲಿ ಹೆಚ್ಚಿನವು ಇಂಥವೇ. ಲಿಂಕ್‌ಗೆ ಬೇಕಾದ್ದು ಹಿಂದಕ್ಕೆ ಮಡಚುವ ಡಬಲ್ ಕಫ್. ಅದರಲ್ಲಿ ಗುಂಡಿ ಇರುವುದಿಲ್ಲ, ನಾಲ್ಕು ಕಾಜ ಇರುತ್ತವೆ. ಹೊಸ ಶರ್ಟ್ ಬೇಡ ಅಂದರೆ ದರ್ಜಿಯ ಹತ್ತಿರ ಗುಂಡಿ ತೆಗೆಸಿ, ಅದೇ ಜಾಗದಲ್ಲಿ ಕಾಜ ಹೊಲಿಸಬಹುದು. ಕಫ್ ಗಟ್ಟಿ ಬಟ್ಟೆಯದಾಗಿದ್ದರೆ ಮಾತ್ರ ಇದು ಚೆನ್ನಾಗಿ ಕಾಣುತ್ತದೆ. ತೆಳು ಬಟ್ಟೆ ಲಿಂಕ್‌ನ ಭಾರಕ್ಕೆ ಜೋತುಬೀಳುತ್ತದೆ.

ಹಾಕುವಾಗ ಜನ ಎಡವುವುದು ಒಂದು ಕಡೆ. ಕಫ್‌ನ ಎರಡು ಅಂಚುಗಳನ್ನು ಗುಂಡಿ ಹಾಕುವಾಗಿನಂತೆ ಒಂದರ ಮೇಲೊಂದು ತರಬೇಡಿ. ಒಳಮೈಗಳು ಒಂದಕ್ಕೊಂದು ತಾಗುವಂತೆ ಜೋಡಿಸಿ. ಕಾಜಗಳು ಒಂದೇ ಸಾಲಿಗೆ ಬಂದ ಮೇಲೆ ಲಿಂಕ್ ತೂರಿಸಿ, ಹಿಂದಿನ ಕಡ್ಡಿ ಅಡ್ಡಕ್ಕೆ ತಿರುಗಿಸಿ. ಚೆಂದದ ಮುಖ ಹೊರಗೆ, ಕಿರುಬೆರಳಿನ ಕಡೆ ಕಾಣಬೇಕು. ಬ್ಲೇಜರ್ ತೋಳಿನಿಂದ ಶರ್ಟಿನ ಕಫ್ ಒಂದು, ಒಂದೂವರೆ ಸೆಂಟಿಮೀಟರ್ ಹೊರಗಿದ್ದರೆ ಸರಿ. ಅದಕ್ಕಿಂತ ಕಡಿಮೆ ಇದ್ದರೆ ಲಿಂಕ್ ಹಾಕಿದ್ದೇ ಸುಮ್ನೆ ದಂಡ.

ಮಾವನ ಲಿಂಕ್ ನಿಮ್ಮ ಚಿನ್ನದ ಉಂಗುರಕ್ಕೆ ಹೊಂದುತ್ತದೆ. ಸ್ಟೀಲ್ ವಾಚ್ ತೆಳುವಾಗಿದ್ದರೆ ಕಫ್ ಒಳಗೇ ಕೂರುತ್ತದೆ, ಬಣ್ಣ ಬೇರೆ ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ದಪ್ಪ ವಾಚ್ ಆದರೆ ಕಫ್ ಮೇಲಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಶರ್ಟ್ ಹೊಲಿಸುವುದಾದರೆ ವಾಚ್ ಕೈಯ ಕಫ್ ಅರ್ಧ ಇಂಚು ಸಡಿಲ ಇಡಲು ಹೇಳಿ. ಒಳ್ಳೆಯ ದರ್ಜಿಗೆ ಇದು ಗೊತ್ತಿರುತ್ತದೆ, ಆದರೂ ಬಾಯಿಬಿಟ್ಟು ಹೇಳುವುದೇ ಒಳ್ಳೆಯದು.

ಇನ್ನು ಕಡಗ. ಅಜ್ಜನದು ಪೂರ್ತಿ ಮುಚ್ಚಿದ ಬಳೆಯಂಥದ್ದು ಅಂದುಕೊಳ್ಳುತ್ತೇನೆ. ಅಂಥ ಕಡಗ ಕೈಯ ಅತಿ ಅಗಲದ ಭಾಗ, ಅಂದರೆ ಬೆರಳಿನ ಬುಡದ ಗೆಣ್ಣುಗಳನ್ನು ದಾಟಿಯೇ ಒಳಗೆ ಹೋಗಬೇಕು. ಹಾಗಾಗಿ ಮಣಿಕಟ್ಟಿಗೆ ಬಂದ ಮೇಲೆ ಯಾವತ್ತೂ ಸಡಿಲವೇ. ಲ್ಯಾಪ್‌ಟಾಪ್ ಮೇಲೆ ಕೈ ಇಟ್ಟಾಗಲೆಲ್ಲ ಟಣ್ ಅನ್ನುತ್ತದೆ, ಅಂಚು ಗೀರುತ್ತದೆ. ಡಬಲ್ ಕಫ್ ಒಳಗಂತೂ ಉಬ್ಬಿ ಕಾಣುತ್ತದೆ. ಕಫ್‌ಲಿಂಕ್ ಹಾಕುವ ದಿನ ಅದನ್ನು ಬಿಡಿ. ಮಾಮೂಲಿ ಗುಂಡಿಯ ಶರ್ಟ್ ಹಾಕಿ, ಬ್ಲೇಜರ್ ಇಲ್ಲದ ದಿನ ಹಾಕಿಕೊಳ್ಳಿ, ವಾಚ್ ಇಲ್ಲದ ಕೈಗೆ. ಒಂದೇ ಕೈಯಲ್ಲಿ ಎರಡೂ ಇದ್ದರೆ ಉಜ್ಜಿ ಉಜ್ಜಿ ಕಡಗದ ಮೇಲೂ ವಾಚ್ ಮೇಲೂ ಗೀರು ಬೀಳುತ್ತವೆ. (ಸಿಖ್ಖರ ಕಡಾ ಮಾತು ಬೇರೆ. ಅದು ಧರ್ಮದ ಗುರುತು, ಆಫೀಸಿಗೆ ಎಂದು ತೆಗೆಯುವ ಪ್ರಶ್ನೆ ಬರುವುದಿಲ್ಲ.)

ದಿನಾ ಹಾಕುವ ಆಸೆ ಇದ್ದರೆ ಬಾಯಿ ತೆರೆದ ಕಡಗ ಮಾಡಿಸಿ, ನಾಲ್ಕೈದು ಮಿಲಿಮೀಟರ್ ಅಗಲ, ಕೆತ್ತನೆ ಇಲ್ಲದ್ದು. ಅದನ್ನು ಮಣಿಕಟ್ಟಿನ ತೆಳು ಬದಿಯಿಂದ ಓರೆಯಾಗಿ ತೂರಿಸಬೇಕು. ಪ್ರತಿದಿನ ಅಗಲಿಸಿ ಒತ್ತಿದರೆ ಬೆಳ್ಳಿ ಬಾಗುತ್ತಾ ಬಾಗುತ್ತಾ ಗಟ್ಟಿಯಾಗಿ, ಒಂದು ದಿನ ಬಿರುಕು ಬಿಡುತ್ತದೆ. ಅಜ್ಜನ ಕಡಗವನ್ನೇ ಕತ್ತರಿಸಿ ಬಾಯಿ ಮಾಡಿಸುವ ಯೋಚನೆ ಮಾತ್ರ ಬೇಡ. ಅಕ್ಕಸಾಲಿಗರು ಮಾಡಿಕೊಡುತ್ತಾರೆ, ಆದರೆ ಹಳೆಯ ಕಡಗದ ಬೆಲೆ ಅದು ಇಡಿಯಾಗಿ ಇರುವುದರಲ್ಲೇ ಅಲ್ವಾ?

ಮದುವೆಯ ಉಂಗುರಕ್ಕೆ ಯಾವ ನಿಯಮವೂ ಇಲ್ಲ, ಇರಲಿ. ಹವಳವನ್ನು ನಂಬಿಕೆಯಿಂದ ಹಾಕಿದ್ದರೆ ಅದೂ ಇರಲಿ, ಆದರೆ ಇನ್ನೊಂದು ಕೈಯಲ್ಲಿ. ನೋಡಬೇಕಾದ್ದು ಅದರ ಎತ್ತರ. ಕಲ್ಲು ಬೆರಳಿನಿಂದ ಬಹಳ ಮೇಲಕ್ಕೆ ನಿಂತಿದ್ದರೆ ಜೇಬಿಗೆ ಕೈ ಹಾಕುವಾಗ ಸಿಕ್ಕಿಕೊಳ್ಳುತ್ತದೆ. ಬಲಗೈಯಲ್ಲಿದ್ದರೆ ಕೈಕುಲುಕಿದವರಿಗೆ ಒತ್ತುತ್ತದೆ. ಕೊಕ್ಕೆಗಳಲ್ಲಿ ಹಿಡಿಸಿದ ಕಲ್ಲಾದರೆ ಸುತ್ತ ಪಟ್ಟಿ ಬರುವಂತೆ, ತಗ್ಗಿಸಿ ಕೂರಿಸಿಕೊಡಲು ಹೇಳಿ. ಕೆಳಗಿನ ಬಾಯಿ ತೆರೆದೇ ಇರಲಿ. ಕಲ್ಲು ಚರ್ಮಕ್ಕೆ ತಾಗಬೇಕು ಎನ್ನುವ ನಂಬಿಕೆಯೂ ನಡೆಯುತ್ತದೆ. ಹವಳ ಮೆದು, ಸೆಂಟು, ಲಿಂಬೆರಸ ತಾಗಿದರೆ ಹೊಳಪು ಹೋಗುತ್ತದೆ. ಸೆಂಟು ಹೊಡೆದುಕೊಂಡ ಮೇಲೆ ಉಂಗುರ ಹಾಕಿ.

ಹಾಗಾಗಿ ಮೀಟಿಂಗ್ ದಿನಕ್ಕೆ ಮಾವನ ಲಿಂಕ್, ತೆಳು ವಾಚ್, ಎರಡು ಕೈಗೆ ಒಂದೊಂದು ಉಂಗುರ. ದುಡ್ಡು ಖರ್ಚು ಮಾಡುವುದಾದರೆ ಹೊಸ ಒಡವೆಗೆ ಬೇಡ, ಡಬಲ್ ಕಫ್ ಇರುವ ಒಂದು ಬಿಳಿ ಶರ್ಟಿಗೆ ಮಾಡಿ.