ಎರಡು ಸಲ ಇಲ್ಲ ಅಂದರೆ ತಪ್ಪೇ?

“ಮಗಳ ಟೆಸ್ಟ್ ಪೇಪರಿನಲ್ಲಿ ‘ಐ ಡಿಡ್ ನಾಟ್ ಸೀ ನೋಬಡಿ’, ‘ಹೀ ರಿಟರ್ನ್ಡ್ ಬ್ಯಾಕ್ ಟು ಸಾಗರ’ ಎರಡಕ್ಕೂ ವ್ಯಾಕರಣ ತಪ್ಪು ಅಂತ ಅಂಕ ಕಳೆದಿದ್ದಾರೆ. ಎರಡೂ ಒಂದೇ ತರದ ತಪ್ಪಾ? – ತೀರ್ಥಹಳ್ಳಿಯಿಂದ”

ಅಲ್ಲ. ಮೊದಲನೆಯದಕ್ಕೆ ಅಂಕ ಹೋಗಿದ್ದು ಸರಿ. ಪಠ್ಯದ ಇಂಗ್ಲಿಷಿನಲ್ಲಿ ‘ನಾಟ್’ ಬಂದ ಮೇಲೆ ‘ನೋಬಡಿ’ ಬರುವುದಿಲ್ಲ. ‘ಐ ಡಿಡ್ ನಾಟ್ ಸೀ ಎನಿಬಡಿ’ ಅನ್ನಬೇಕು, ಇಲ್ಲವೇ ‘ಐ ಸಾ ನೋಬಡಿ’. ಎರಡು ನಿಷೇಧ ಸೇರಿ ‘ಹೌದು’ ಆಗುತ್ತದೆ ಅನ್ನುವ ಲೆಕ್ಕದ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ವಾಕ್ಯ ಕೇಳಿ ‘ಯಾರನ್ನೋ ನೋಡಿದೆ’ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? 14ನೇ ಶತಮಾನದ ಕವಿ ಚಾಸರ್ ಹೀಗೆಯೇ ಬರೆದಿದ್ದಾನೆ. ಇಂಗ್ಲಿಷಿನ ಹಲವು ಆಡುನುಡಿಗಳಲ್ಲಿ ಇದು ಇವತ್ತಿಗೂ ಇದೆ. ಪರೀಕ್ಷೆಗೆ ಆ ರೂಪ ನಡೆಯಲ್ಲ, ಅಷ್ಟೇ. ‘ನಾಟ್ ಇಂಪಾಸಿಬಲ್’ ಬೇರೆ. ‘ಅಸಾಧ್ಯವೇನಲ್ಲ’ ಅನ್ನುವ ಅರ್ಥ ಬೇಕೆಂದೇ ಅಲ್ಲಿ ಎರಡು ನಿಷೇಧ ಇಡುತ್ತಾರೆ. ಅದು ಸರಿ.

‘ರಿಟರ್ನ್ಡ್ ಬ್ಯಾಕ್’ ವ್ಯಾಕರಣ ಮುರಿಯುವುದಿಲ್ಲ. ‘ಬ್ಯಾಕ್’ ಸುಮ್ನೆ ಜಾಸ್ತಿ. ಹೊಡೆದು ಹಾಕಿ ನೋಡಿ, ಅರ್ಥ ಹಾಗೇ ಉಳಿಯುತ್ತದೆ. ‘ಕೇಮ್ ಬ್ಯಾಕ್’ನಲ್ಲಿ ಹೊಡೆದರೆ ‘ವಾಪಸ್’ ಅನ್ನುವುದೇ ಹೋಗುತ್ತದೆ, ಅಲ್ಲಿ ಬೇಕು. ಬರವಣಿಗೆ ಬಿಗಿಯಿಲ್ಲ ಅಂತ ಟೀಚರ್ ಗುರುತು ಹಾಕಬಹುದಿತ್ತು, ವ್ಯಾಕರಣದ ಅಂಕ ಕೇಳಿ ನೋಡಿ.

ಆದರೆ ‘ಡಿಸ್ಕಸ್ ಅಬೌಟ್’ ಬರೆದಿದ್ದರೆ ವಾದಕ್ಕೆ ಹೋಗಬೇಡಿ. ಪರೀಕ್ಷೆಯ ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಆದಮೇಲೆ ನೇರವಾಗಿ ವಿಷಯ ಬರಬೇಕು. ಅಲ್ಲಿ ‘ಅಬೌಟ್’ ವ್ಯಾಕರಣದ ತಪ್ಪೇ.