"ನಿಮಗೇನಾದರೂ ಕೇಳುವುದಿದೆಯಾ?" ಅಂದಾಗ ನಾನು ಕೇಳಿದ್ದು, ಕೇಳಬೇಕಿದ್ದದ್ದು

ಪ್ರಶ್ನೆ: ನಾಳಿದ್ದು ನನ್ನ ಮೊದಲ ಸಾಫ್ಟ್‌ವೇರ್ ಇಂಟರ್ನ್‌ಶಿಪ್ ಇಂಟರ್ವ್ಯೂ. ಕೊನೆಗೆ "ನಿಮಗೇನಾದರೂ ಕೇಳುವುದಿದೆಯಾ" ಅಂತಾರಂತೆ. ಅವರಿಗೆ ಇಂಪ್ರೆಸ್ ಆಗೋ ಹಾಗೆ ಏನು ಕೇಳಲಿ?

ನನ್ನ ಮೊದಲ ಇಂಟರ್ವ್ಯೂಗೆ ಹಿಂದಿನ ರಾತ್ರಿ ಕೂತು ಎಂಟು ಪ್ರಶ್ನೆ ಬರೆದುಕೊಂಡಿದ್ದೆ. ಏಳು ಅವರನ್ನು ಮೆಚ್ಚಿಸುವುದಕ್ಕೆ. ಕಂಪನಿ ಐದು ವರ್ಷದಲ್ಲಿ ಎಲ್ಲಿರುತ್ತದೆ, ನಿಮ್ಮ ದೊಡ್ಡ ಸವಾಲು ಯಾವುದು, ಇಂಥವು. ಎಂಟನೆಯದು ಮಾತ್ರ ನನಗೆ ನಿಜವಾಗಿ ಬೇಕಾಗಿದ್ದ ವಿಷಯ: "ನನಗೆ ಮೆಂಟರ್ ಇರುತ್ತಾರಾ?"

ಕೊನೆಗೆ ಉಳಿದಿದ್ದು ನಾಲ್ಕೈದು ನಿಮಿಷ. ಐದು ವರ್ಷದ ಪ್ರಶ್ನೆಗೇ ಮೂರು ನಿಮಿಷ ಹೋಯಿತು. ನನ್ನ ಎದುರಿದ್ದವರು ಎಂಜಿನಿಯರ್. ಕಂಪನಿಯ ಮುಂದಿನ ಯೋಜನೆ ಅವರ ಕೈಯಲ್ಲಿರಲಿಲ್ಲ. ವೆಬ್‌ಸೈಟ್‌ನಲ್ಲಿ ಇದ್ದದ್ದನ್ನೇ ಮತ್ತೆ ಹೇಳಿದರು. ಆಮೇಲೆ ಅವಸರದಲ್ಲಿ ಮೆಂಟರ್ ವಿಷಯ ಕೇಳಿದೆ. "ಖಂಡಿತ ಇರುತ್ತಾರೆ" ಅಂದರು. ನನಗೆ ಅಷ್ಟೇ ಸಾಕಾಯಿತು.

ಅವರು ಸುಳ್ಳು ಹೇಳಲಿಲ್ಲ. ಮೆಂಟರ್ ಇದ್ದರು. ಆದರೆ ನಾನು ಸೇರಿದ ವಾರವೇ ಅವರ ತಂಡದ ದೊಡ್ಡ ರಿಲೀಸ್ ಶುರುವಾಗಿತ್ತು. ಹತ್ತು ವಾರದಲ್ಲಿ ಅವರ ಜೊತೆ ಕೂತು ಮಾತಾಡಿದ್ದು ನಾಲ್ಕು ಸಲ. ನನಗೆ ಕೊಟ್ಟ ಕೆಲಸಕ್ಕೆ ಒಂದು ಡೇಟಾಬೇಸ್ ಓದುವ ಅನುಮತಿ ಬೇಕಿತ್ತು. ಅದನ್ನು ಯಾರು ಕೊಡಬೇಕು ಅಂತಲೇ ಎರಡು ವಾರ ಗೊತ್ತಾಗಲಿಲ್ಲ. ಮೂರನೇ ವಾರ ಸಿಕ್ಕಿತು. ಆಮೇಲೆ ಬರೆದ ಕೋಡ್ ರಿವ್ಯೂಗೆ ಹೋಗಿ ಅಲ್ಲೇ ಕೂತಿತು. ಕೊನೆಯ ದಿನ ಎಲ್ಲರ ಮುಂದೆ ಪ್ರೆಸೆಂಟೇಷನ್ ಕೊಟ್ಟೆ, ಚಪ್ಪಾಳೆಯೂ ಬಂತು. ಕೋಡ್ ಮಾತ್ರ ನನ್ನ ಬ್ರಾಂಚ್‌ನಲ್ಲೇ ಉಳಿಯಿತು, ಮರ್ಜ್ ಆಗಲೇ ಇಲ್ಲ.

ನನ್ನ ತಪ್ಪು ಎಲ್ಲಿತ್ತು ಅಂತ ತುಂಬಾ ಯೋಚಿಸಿದ್ದೇನೆ. ಕೇಳಿದ ವಿಷಯ ಸರಿಯೇ ಇತ್ತು, ಕೇಳಿದ ರೀತಿ ತಪ್ಪು. "ಇರುತ್ತಾರಾ" ಅಂದರೆ "ಇರುತ್ತಾರೆ" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಕಲಿಯೋಕೆ ಅವಕಾಶ ಇದೆಯಾ?", "ನಿಜವಾದ ಪ್ರಾಜೆಕ್ಟ್ ಕೊಡುತ್ತೀರಾ?", ಇವೂ ಅಷ್ಟೇ. ಯಾರು ತಾನೇ ಇಲ್ಲ ಅಂತಾರೆ? ಇನ್ನೊಂದು ವಿಷಯ: ನಾನು ಕೇಳಿದ್ದು ಮುಂದೆ ಆಗುವುದರ ಬಗ್ಗೆ. ಮುಂದಿನದ್ದಕ್ಕೆ ಯಾರಾದರೂ ಒಳ್ಳೆಯದನ್ನೇ ಹೇಳುತ್ತಾರೆ, ಅದೂ ಒಳ್ಳೆ ಮನಸ್ಸಿನಿಂದಲೇ. ಆಗಿಹೋದದ್ದನ್ನು ಕೇಳಿದರೆ ಅವರು ನೆನಪು ಮಾಡಿಕೊಳ್ಳಬೇಕಾಗುತ್ತದೆ. ನೆನಪಿಗೆ ಬಂದರೆ ವಿವರ ತಾನಾಗಿಯೇ ಬರುತ್ತದೆ. ಬರದಿದ್ದರೆ ಅದೂ ನಿಮಗೆ ಕಾಣುತ್ತದೆ.

ಮುಂದಿನ ಸಲ ಬೇರೆ ಕಡೆ ಇಂಟರ್ವ್ಯೂಗೆ ಹೋದಾಗ ಒಂದೇ ಪ್ರಶ್ನೆ ಇಟ್ಟುಕೊಂಡು ಹೋದೆ: "ಹೋದ ಸಲ ನಿಮ್ಮ ತಂಡಕ್ಕೆ ಬಂದಿದ್ದ ಇಂಟರ್ನ್ ಏನು ಮಾಡಿದರು? ಆ ಕೆಲಸ ಈಗ ಎಲ್ಲಿದೆ?"

ಎದುರಿಗಿದ್ದವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹೇಳಿದರು: ಒಂದೇ ಗ್ರಾಹಕರ ಹೆಸರು ಎರಡೆರಡು ಸಲ ಸೇರಿಕೊಂಡಿದ್ದರೆ ಹುಡುಕಿ ತೋರಿಸುವ ಒಂದು ಟೂಲ್ ಮಾಡಿದ್ದರು. ಈಗಲೂ ಪ್ರತಿ ರಾತ್ರಿ ಓಡುತ್ತದೆ. "ಆದರೆ ಮೊದಲ ಎರಡು ವಾರ ಅವರಿಗೆ ಕಷ್ಟ ಆಯಿತು, ನಾವು ಕೊಟ್ಟ ಟೆಸ್ಟ್ ಡೇಟಾ ಅರ್ಧಂಬರ್ಧ ಇತ್ತು" ಅಂತ ಅವರೇ ಸೇರಿಸಿದರು. ಆ ಕೊನೆಯ ಮಾತಿನಿಂದಲೇ ನನಗೆ ನಂಬಿಕೆ ಬಂದದ್ದು. ಇಂಟರ್ನ್ ಎಲ್ಲಿ ಸಿಕ್ಕಿಹಾಕಿಕೊಂಡಿದ್ದರು ಅಂತ ಇವರಿಗೆ ಗೊತ್ತಿದೆ. ಅಂದರೆ ಹತ್ತಿರ ಕೂತು ನೋಡಿದ್ದಾರೆ, ಅಲ್ವಾ?

ಅಲ್ಲಿಂದ ಎರಡನೇ ಪ್ರಶ್ನೆ ತಾನಾಗಿ ಬಂತು. "ಆಗ ಅವರು ಯಾರ ಹತ್ತಿರ ಹೋಗುತ್ತಿದ್ದರು? ಈ ಸಲ ಅವರೇ ಇರುತ್ತಾರಾ? ಆ ವಾರಗಳಲ್ಲಿ ಅವರ ಸ್ವಂತ ಕೆಲಸ ಏನಿರುತ್ತದೆ?" ಕೊನೆಯ ತುಂಡನ್ನು ಬಿಡಬೇಡಿ. ನನ್ನ ಹತ್ತು ವಾರ ಹಾಳಾದದ್ದು ಅದನ್ನು ಕೇಳದೆ. ಒಬ್ಬರ ಹೆಸರು, ಅವರ ಕೆಲಸ, ಎಷ್ಟು ದಿನಕ್ಕೊಮ್ಮೆ ಕೂರುತ್ತಾರೆ ಅಂತ ಉತ್ತರ ಬಂದರೆ ಅಲ್ಲಿ ವ್ಯವಸ್ಥೆ ಇದೆ. "ತಂಡದಲ್ಲಿ ಯಾರನ್ನಾದರೂ ಕೇಳಬಹುದು" ಅಂತ ಮಾತ್ರ ಬಂದರೆ ನಾನು ಹುಷಾರಾಗುತ್ತೇನೆ. ಯಾರನ್ನಾದರೂ ಅಂದರೆ ಬಹಳ ಸಲ ಯಾರ ಜವಾಬ್ದಾರಿಯೂ ಅಲ್ಲ.

ನಾನು ಸೇರಿದ್ದು ಅಲ್ಲೇ. ನನ್ನ ಕೋಡ್ ಎರಡನೇ ವಾರವೇ ಮರ್ಜ್ ಆಯಿತು. ಸಣ್ಣದು, ನಲವತ್ತು ಸಾಲು ಇರಬಹುದು. ಆದರೆ ಅದಕ್ಕೆ ಹದಿನೇಳು ರಿವ್ಯೂ ಕಾಮೆಂಟ್ ಬಂದಿದ್ದವು. ಹಿಂದಿನ ಇಡೀ ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಆ ಹದಿನೇಳರಲ್ಲಿ ಕಲಿತೆ.

ನಿಮ್ಮ ಪ್ರಶ್ನೆಯಲ್ಲಿ "ಇಂಪ್ರೆಸ್" ಅಂತ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ಐದು ನಿಮಿಷಕ್ಕೆ ಬರುವ ಹೊತ್ತಿಗೆ ನಿಮ್ಮ ಕೋಡಿಂಗ್, ನಿಮ್ಮ ಮಾತು ಎಲ್ಲ ನೋಡಿ ಆಗಿರುತ್ತದೆ. ಒಂದು ಚಂದದ ಪ್ರಶ್ನೆಯಿಂದ ಅದು ತಿರುಗುವುದು ಕಡಿಮೆ. ಆಮೇಲೆ ನಾನೂ ಇಂಟರ್ನ್‌ಗಳ ಇಂಟರ್ವ್ಯೂ ಮಾಡಿದ್ದೇನೆ. ಬಾಯಿಪಾಠ ಮಾಡಿಕೊಂಡು ಬಂದ ಪ್ರಶ್ನೆ ಬೇಗ ಗೊತ್ತಾಗುತ್ತದೆ, ಏಕೆಂದರೆ ಉತ್ತರ ಮುಗಿದ ತಕ್ಷಣ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪ್ರಶ್ನೆ ಬರುತ್ತದೆ. ಉತ್ತರ ಕೇಳಿಸಿಕೊಂಡು ಅದರ ಒಳಗಿಂದಲೇ ಮತ್ತೆ ಕೇಳಿದವರು ನೆನಪಿನಲ್ಲಿ ಉಳಿಯುತ್ತಾರೆ. ಹಾಗಾಗಿ ಎರಡೇ ಪ್ರಶ್ನೆ ಸಾಕು.

ಒಂದು ತೊಡಕಿದೆ. ನಾಳಿದ್ದು ನಿಮ್ಮ ಎದುರು ಯಾರು ಕೂತಿರುತ್ತಾರೆ ಅನ್ನುವುದನ್ನು ನೋಡಿಕೊಳ್ಳಿ. ಎಚ್‌ಆರ್ ಆಗಿದ್ದರೆ ಹಿಂದಿನ ಇಂಟರ್ನ್‌ನ ಕೋಡ್ ಏನಾಯಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ, ಅದು ಅವರ ತಪ್ಪಲ್ಲ. ಅವರ ಹತ್ತಿರ ಹೋದ ವರ್ಷ ಎಷ್ಟು ಇಂಟರ್ನ್‌ಗಳು ಬಂದಿದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅದನ್ನು ಯಾವಾಗ ತೀರ್ಮಾನ ಮಾಡುತ್ತಾರೆ ಅಂತ ಕೇಳಿ. ಸ್ಟೈಪೆಂಡ್, ದಿನಾಂಕ ಕೂಡ ಅಲ್ಲೇ. ತಂಡಕ್ಕೆ ಇಂಟರ್ನ್ ಬರುತ್ತಿರುವುದು ಇದೇ ಮೊದಲು ಅಂದರೆ, ತೀರಾ ಇತ್ತೀಚೆಗೆ ಸೇರಿದ ಉದ್ಯೋಗಿಯ ಮೊದಲ ತಿಂಗಳು ಹೇಗಿತ್ತು ಅಂತ ಕೇಳಿ. ಪ್ರಶ್ನೆ ಅದೇ, ಮನುಷ್ಯ ಮಾತ್ರ ಬೇರೆ.

ಇಂಟರ್ವ್ಯೂಗೂ ಸೇರುವ ದಿನಕ್ಕೂ ನಡುವೆ ತಿಂಗಳುಗಳು ಇರಬಹುದು. ಅಷ್ಟರಲ್ಲಿ ಮೆಂಟರ್ ಬದಲಾಗುವುದೂ ಉಂಟು. ಅದಕ್ಕೆ ಆಫರ್ ಬಂದ ಮೇಲೆ, ಒಪ್ಪಿಕೊಳ್ಳುವ ಮೊದಲು, ಇನ್ನೊಮ್ಮೆ ಕೇಳಿ. ಆಗ ಅವರಿಗೂ ನೀವು ಬರುವುದು ಬೇಕಾಗಿರುತ್ತದೆ, ಸಮಾಧಾನವಾಗಿ ಉತ್ತರ ಕೊಡುತ್ತಾರೆ. ನಾನು ಕಳಿಸಿದ್ದು ಎರಡೇ ಸಾಲು: "ಆಫರ್‌ಗೆ ಧನ್ಯವಾದ. ನನ್ನ ಜೊತೆ ಕೆಲಸ ಮಾಡುವ ಮೆಂಟರ್ ಜೊತೆ ಹದಿನೈದು ನಿಮಿಷ ಮಾತಾಡಬಹುದಾ?" ಮರುದಿನವೇ ಅವರಿಂದ ಫೋನ್ ಬಂತು.